ಎಎಂಹೆಚ್ 0.6 ಎಂದು ಬಂದ ಮೇಲೆ ಅವರು ಪ್ರಯತ್ನವನ್ನೇ ಬಿಟ್ಟಿದ್ದರು

ಇಲ್ಲಿ ಬರುವ ಮಹಿಳೆಯ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ವೈದ್ಯೆಯಲ್ಲ. ಮಗುವಿಗಾಗಿ ಕಾಯುತ್ತಿರುವವರ ಜೊತೆ ಕೂತು ಮಾತಾಡುವ ಆಪ್ತಸಲಹೆಗಾರ್ತಿ. ಈಚೆಗೆ ನನ್ನ ಹತ್ತಿರ ಬರುವವರಲ್ಲಿ ಒಂದು ಹೊಸ ಗುಂಪು ಕಾಣುತ್ತಿದೆ. ಇವರಿಗೆ ಮಕ್ಕಳಾಗುವ ತೊಂದರೆ ಇದೆಯೆಂದು ಯಾರೂ ಹೇಳಿಲ್ಲ. ಕೆಲವರು ಇನ್ನೂ ಪ್ರಯತ್ನ ಶುರು ಮಾಡಿಯೇ ಇಲ್ಲ. ಅವರ ಕೈಯಲ್ಲಿರುವುದು ಒಂದು ರಕ್ತಪರೀಕ್ಷೆಯ ರಿಪೋರ್ಟ್. ಅದರಲ್ಲಿ ಎಎಂಹೆಚ್ ಎಂಬ, ಅಂಡಾಶಯದ ಒಂದು ಹಾರ್ಮೋನಿನ ಸಾಲಿನ ಮುಂದೆ ‘ಕಡಿಮೆ’ ಎಂದು ಬರೆದಿದೆ, ಅಷ್ಟೇ. ಆ ಒಂದು ಸಾಲಿಗೆ ನಿದ್ದೆ ಬಿಟ್ಟವರನ್ನು ನೋಡಿ ನೋಡಿ ಇದನ್ನು ಬರೆಯಲೇಬೇಕು ಅನ್ನಿಸಿತು.

ಅಂಥವರಲ್ಲಿ ಒಬ್ಬರಾದ ಈ ಮಹಿಳೆಗೆ 35 ವರ್ಷ. ಹಲವು ವರ್ಷ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಿದ್ದರು. ಇನ್ನು ಮಗು ಬೇಕು ಎಂದು ಗಂಡ ಹೆಂಡತಿ ಮಾತಾಡಿಕೊಂಡು ಮಾತ್ರೆ ನಿಲ್ಲಿಸಿದರು. ಅದೇ ತಿಂಗಳು, ಸುಮ್ನೆ ಒಂದು ಸಲ ನೋಡಿಬಿಡೋಣ ಎಂದು ತಾವಾಗಿಯೇ ಲ್ಯಾಬ್‌ಗೆ ಹೋಗಿ ಪರೀಕ್ಷೆ ಮಾಡಿಸಿದರು. ಎಎಂಹೆಚ್ 0.6 ಎಂದು ಬಂತು, ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ. ನನ್ನ ಹತ್ತಿರ ಬರುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಮೊದಲ ಸಲ ಬಂದಾಗ ಮಾತೆಲ್ಲ ಐವಿಎಫ್ ಬಗ್ಗೆಯೇ ಇತ್ತು. ಬೇರೆಯವರ ಮೊಟ್ಟೆ ಪಡೆದು ಮಾಡಿಸಬೇಕಾಗುತ್ತಾ ಎನ್ನುವ ತನಕ ಯೋಚನೆ ಹೋಗಿತ್ತು. ಗಂಡನ ಹತ್ತಿರ ಇದನ್ನೆಲ್ಲ ಹೇಳಲು ಧೈರ್ಯವಿರಲಿಲ್ಲ.

ಎರಡನೇ ಸಲ ಬಂದಾಗ ನಾನು ಒಂದು ಸಾಮಾನ್ಯ ಪ್ರಶ್ನೆ ಕೇಳಿದೆ. ‘ಮುಟ್ಟು ಹೇಗಿದೆ?’

‘ಸರಿಯಾಗಿ ಆಗ್ತಿದೆ ಮೇಡಂ. ಇಪ್ಪತ್ತೇಳು, ಇಪ್ಪತ್ತೆಂಟು ದಿನಕ್ಕೆ.’

‘ಈ ಮೂರು ತಿಂಗಳು ಪ್ರಯತ್ನ ಮಾಡಿದ್ರಾ?’

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದರು: ‘ಇಲ್ಲ ಮೇಡಂ. ರಿಪೋರ್ಟ್ ಬಂದ ಮೇಲೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ತಿದ್ದೀನಿ. ನನ್ನ ಅಂಡಾಶಯಕ್ಕೆ ನಲವತ್ತೈದು ವರ್ಷ ಆಗಿದೆ ಅಂತ ಒಬ್ಬರು ಹೇಳಿದ್ರು. ಇನ್ನು ಏನು ಪ್ರಯೋಜನ?’

ನನ್ನನ್ನು ಬಹಳ ದಿನ ಕಾಡಿದ್ದು ಈ ಮಾತು. ಮುಟ್ಟು ಕ್ರಮವಾಗಿ ಆಗುತ್ತಿದ್ದ, ಮಗು ಬೇಕೆಂದು ಮನಸ್ಸು ಮಾಡಿದ್ದ ಹೆಂಗಸು ಅವರು. 35ನೇ ವಯಸ್ಸಿನ ಮೂರು ತಿಂಗಳನ್ನು ಒಂದು ಸಂಖ್ಯೆಗೆ ಹೆದರಿ ಕಳೆದುಕೊಂಡಿದ್ದರು. ಕಡಿಮೆ ಎಎಂಹೆಚ್ ಅವರ ದಾರಿಗೆ ಅಡ್ಡ ಬಂದಿದ್ದು ಹೀಗೆ. ಅಂಡಾಶಯದಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಆವತ್ತು ಮಿಕ್ಕ ಹೊತ್ತೆಲ್ಲ ಆ ‘ನಲವತ್ತೈದು’ ಎಂಬ ಮಾತನ್ನು ಬಿಡಿಸಿ ನೋಡುವುದಕ್ಕೇ ಹೋಯಿತು. ಅಂಡಾಶಯದಲ್ಲಿ ಮೊಟ್ಟೆಗಳು ಪುಟ್ಟ ಚೀಲಗಳೊಳಗೆ ಇರುತ್ತವೆ. ಇವನ್ನು ವೈದ್ಯರು ಫಾಲಿಕಲ್ ಅನ್ನುತ್ತಾರೆ. ಯಾವಾಗಲೂ ಒಂದಷ್ಟು ಫಾಲಿಕಲ್‌ಗಳು ಎಚ್ಚರಗೊಂಡು ಬೆಳೆಯುತ್ತಿರುತ್ತವೆ. ಅವು ಇನ್ನೂ ಚಿಕ್ಕದಾಗಿರುವಾಗ ಎಎಂಹೆಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಬೆಳೆಯುವ ಫಾಲಿಕಲ್ ಜಾಸ್ತಿ ಇದ್ದರೆ ಹಾರ್ಮೋನ್ ಜಾಸ್ತಿ, ಕಡಿಮೆ ಇದ್ದರೆ ಕಡಿಮೆ. ಓಟದ ಪಂದ್ಯವೊಂದನ್ನು ನೆನೆಸಿಕೊಳ್ಳಿ ಎಂದೆ. ಒಂದು ತಿಂಗಳು ಒಬ್ಬರಲ್ಲಿ ಹದಿನೈದು ಜನ ಓಟಕ್ಕೆ ನಿಲ್ಲಬಹುದು, ಇನ್ನೊಬ್ಬರಲ್ಲಿ ಐದೇ ಜನ. ಗೆಲ್ಲುವವರು ಸಾಮಾನ್ಯವಾಗಿ ಒಬ್ಬರೇ. ತಿಂಗಳಿಗೆ ಒಂದು ಮೊಟ್ಟೆ ಹೊರಬಂದರೆ ಸಹಜವಾಗಿ ಗರ್ಭ ನಿಲ್ಲಲು ಅಷ್ಟು ಸಾಕು. ಎಎಂಹೆಚ್ ಹೇಳುವುದು ಓಟಕ್ಕೆ ನಿಂತವರು ಎಷ್ಟು ಎಂದು ಮಾತ್ರ.

‘ಆದರೆ ಗೆದ್ದು ಬಂದ ಮೊಟ್ಟೆಯೇ ಹಳತಾಗಿದ್ದರೆ?’ ಎಂದರು. ಬಹಳ ಒಳ್ಳೆಯ ಪ್ರಶ್ನೆ. ಮೊಟ್ಟೆಯ ಗುಣ ಎಎಂಹೆಚ್‌ನಲ್ಲಿ ಕಾಣುವುದಿಲ್ಲ. ಗುಣವನ್ನು ಮುಖ್ಯವಾಗಿ ತೀರ್ಮಾನಿಸುವುದು ವಯಸ್ಸು. ವಯಸ್ಸು ಏರಿದಂತೆ ಮೊಟ್ಟೆಯ ಕ್ರೋಮೋಸೋಮ್‌ಗಳು ಸರಿಯಾಗಿ ಹಂಚಿಕೆಯಾಗದೆ ಹೋಗುವುದು ಹೆಚ್ಚುತ್ತದೆ. ಮೂವತ್ತರ ಕೊನೆಯ ವರ್ಷಗಳಿಂದ ಅದು ಇನ್ನೂ ಬೇಗ ಹೆಚ್ಚುತ್ತದೆ. ಗರ್ಭ ನಿಲ್ಲದಿರುವುದಕ್ಕೆ, ನಿಂತದ್ದು ಹೋಗುವುದಕ್ಕೆ ಇದು ದೊಡ್ಡ ಕಾರಣ. ‘ನಿಮ್ಮ ಮೊಟ್ಟೆಗಳಿಗೆ ನಿಮ್ಮಷ್ಟೇ ವಯಸ್ಸು, ಮೂವತ್ತೈದು’ ಎಂದೆ. ಸಂಖ್ಯೆ ಕಡಿಮೆಯಿರಬಹುದು. ಅಂದ ಮಾತ್ರಕ್ಕೆ ಮೊಟ್ಟೆಗೆ ಹತ್ತು ವರ್ಷ ಸೇರಿಬಿಡುವುದಿಲ್ಲ.

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. 2017ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 30ರಿಂದ 44 ವರ್ಷದ, ಹಿಂದೆ ಬಂಜೆತನದ ತೊಂದರೆ ಇಲ್ಲದಿದ್ದ, ಆಗಷ್ಟೇ ಪ್ರಯತ್ನ ಶುರು ಮಾಡಿದ್ದ 750 ಮಹಿಳೆಯರನ್ನು ಅದರಲ್ಲಿ ಗಮನಿಸಿದ್ದರು. ಎಎಂಹೆಚ್ 0.7ಕ್ಕಿಂತ ಕಡಿಮೆ ಇದ್ದವರಲ್ಲಿ ಆರು ಮುಟ್ಟಿನ ಚಕ್ರಗಳೊಳಗೆ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ 65 ಎಂದು ಬಂತು. ಮಾಮೂಲು ಮಟ್ಟದವರಲ್ಲಿ 62. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವಯಸ್ಸಿನ ಪ್ರಭಾವವನ್ನು ಬದಿಗಿಟ್ಟು ಲೆಕ್ಕ ಹಾಕಿದ ಮೇಲಿನ ಮಾತು ಇದು. ತೊಂದರೆಯಿಲ್ಲದ ಮಹಿಳೆಗೆ ಮುಂದೆ ಮಗುವಾಗುತ್ತದೆಯೋ ಇಲ್ಲವೋ ಎಂದು ಹೇಳಲು ಎಎಂಹೆಚ್ ಬಳಸಬೇಡಿ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2019ರಲ್ಲಿ ವೈದ್ಯರಿಗೇ ಸೂಚನೆ ಕೊಟ್ಟಿದೆ. ಆದರೆ ಈ ಅಧ್ಯಯನಕ್ಕೂ ಒಂದು ಎಲ್ಲೆ ಇದೆ, ಅದನ್ನೂ ಅವರಿಗೆ ಹೇಳಿದೆ. ಅದು ಈಗ ಪ್ರಯತ್ನ ಮಾಡುತ್ತಿರುವವರ ಲೆಕ್ಕ. ಮೂರು ವರ್ಷ ಬಿಟ್ಟು ಶುರು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಗರ್ಭ ನಿಂತಿದ್ದನ್ನು ಎಣಿಸಿದ್ದಾರೆ, ಹುಟ್ಟಿದ ಮಕ್ಕಳನ್ನಲ್ಲ.

ಇನ್ನೊಂದು ವಿಷಯ ಅವರ ರಿಪೋರ್ಟಿನ ತಾರೀಖಿನಲ್ಲೇ ಇತ್ತು. ಮಾತ್ರೆ ನಿಲ್ಲಿಸಿದ ತಿಂಗಳೇ ರಕ್ತ ಕೊಟ್ಟಿದ್ದರು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಫಾಲಿಕಲ್‌ಗಳ ಬೆಳವಣಿಗೆ ತಗ್ಗಿರುತ್ತದೆ, ಎಎಂಹೆಚ್ ಇಳಿದಿರುತ್ತದೆ. ನಿಲ್ಲಿಸಿ ಕೆಲವು ತಿಂಗಳಾದ ಮೇಲೆ ಮತ್ತೆ ಏರುತ್ತದೆ. ಮಾತ್ರೆಯ ವಿಷಯವನ್ನು ಅವರ ಹತ್ತಿರ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನನ್ನ ಒತ್ತಾಯದ ಮೇಲೆ ಸ್ತ್ರೀರೋಗ ತಜ್ಞರನ್ನು ಕಂಡರು. ಮತ್ತೆ ಪರೀಕ್ಷೆ ಮಾಡಿದಾಗ 0.9 ಬಂತು. ಅವರಿಗೆ ಸಂತೋಷವೋ ಸಂತೋಷ. ನಾನು ಸ್ವಲ್ಪ ತಡೆದೆ. 0.9 ಕೂಡ ಕಡಿಮೆಯೇ. 0.6 ಎಂದು ಬಂದಾಗ ಬಾಗಿಲು ಮುಚ್ಚಿರಲಿಲ್ಲ, ಈಗ 0.9 ಆಗಿದ್ದರಿಂದ ಹೊಸದಾಗಿ ತೆರೆದೂ ಇಲ್ಲ. ಆ ಸಂಖ್ಯೆ ಏರಿದರೆ ನಗು, ಇಳಿದರೆ ಅಳು ಎಂದು ಬದುಕತೊಡಗಿ ತಿಂಗಳಿಗೊಂದು ಪರೀಕ್ಷೆ ಮಾಡಿಸುವವರೂ ಇದ್ದಾರೆ. ಒಂದು ಲ್ಯಾಬಿನ ಸಂಖ್ಯೆಗೂ ಇನ್ನೊಂದರದ್ದಕ್ಕೂ ವ್ಯತ್ಯಾಸ ಬರುತ್ತದೆ, ಅದನ್ನೂ ಏರಿಳಿತ ಎಂದುಕೊಂಡು ನೋಯುತ್ತಾರೆ.

ನಾನು ಕೊಟ್ಟ ಸಲಹೆ ಸಣ್ಣದು. ಇವತ್ತಿನಿಂದಲೇ ಪ್ರಯತ್ನ ಶುರು ಮಾಡಿ. ಗಂಡನಿಗೆ ರಿಪೋರ್ಟ್ ತೋರಿಸಿ, ಅವರ ವೀರ್ಯ ಪರೀಕ್ಷೆಯೂ ಈಗಲೇ ಆಗಲಿ. ಆರು ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ಒಂದು ದಿನವೂ ತಡಮಾಡದೆ ಪೂರ್ತಿ ತಪಾಸಣೆಗೆ ಹೋಗಿ. 35 ಆಗದವರಿಗೆ ಒಂದು ವರ್ಷ ನೋಡಿ ಅನ್ನುತ್ತಾರೆ. 35 ಆದವರಿಗೆ ಆರು ತಿಂಗಳು. ಅವರ ಎಎಂಹೆಚ್ ಚೆನ್ನಾಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಪರಿಚಯದ ವೈದ್ಯರೊಬ್ಬರು ಇದಕ್ಕೆ ಬೇಸರಪಟ್ಟರು. ‘ಎಎಂಹೆಚ್ ಕಡಿಮೆ ಇರುವವರಿಗೆ ಆರು ತಿಂಗಳು ಕಾಯಿರಿ ಅನ್ನೋದು ಸರಿಯಲ್ಲ’ ಎಂದರು. ನಾನು ಕಾಯಿರಿ ಎಂದಿರಲಿಲ್ಲ. ಕಾಯುತ್ತಿದ್ದವರನ್ನು ಪ್ರಯತ್ನಕ್ಕೆ ಹಚ್ಚಿದ್ದೆ. ಆ ವೈದ್ಯರ ಆತಂಕದಲ್ಲಿ ನಿಜವೂ ಇದೆ, ಅಲ್ಲಗಳೆಯುವುದಿಲ್ಲ. ಮುಟ್ಟು ತಪ್ಪುತ್ತಿದ್ದರೆ, ಮೈ ಬಿಸಿಯಾಗಿ ಬೆವರು ಬರುತ್ತಿದ್ದರೆ, ಅಂಡಾಶಯದ ಆಪರೇಷನ್ ಅಥವಾ ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ, ತಾಯಿಗೋ ಅಕ್ಕನಿಗೋ ನಲವತ್ತರ ಒಳಗೆ ಮುಟ್ಟು ನಿಂತಿದ್ದರೆ ಆರು ತಿಂಗಳ ಮಾತೇ ಇಲ್ಲ, ಕೂಡಲೇ ತಜ್ಞರ ಹತ್ತಿರ ಹೋಗಬೇಕು. ಇವರಿಗೆ ಇದ್ಯಾವುದೂ ಇರಲಿಲ್ಲ. ಒಂದೊಂದನ್ನೂ ಕೇಳಿಯೇ ಸಲಹೆ ಕೊಟ್ಟಿದ್ದು.

ಹಾಗಾದರೆ ಆ ಸಂಖ್ಯೆಗೆ ಬೆಲೆಯೇ ಇಲ್ಲವಾ? ಇದೆ. ಐವಿಎಫ್‌ನಲ್ಲಿ ಇಂಜೆಕ್ಷನ್ ಕೊಟ್ಟು ಒಂದೇ ತಿಂಗಳಲ್ಲಿ ಹಲವು ಫಾಲಿಕಲ್‌ಗಳನ್ನು ಒಟ್ಟಿಗೆ ಬೆಳೆಸುತ್ತಾರೆ. ಅಲ್ಲಿ ಎಷ್ಟು ಇವೆ ಎಂಬುದೇ ಮುಖ್ಯ. ಎಎಂಹೆಚ್ ಕಡಿಮೆ ಇದ್ದರೆ ಒಂದು ಸಲಕ್ಕೆ ಸಿಗುವ ಮೊಟ್ಟೆ ಕಡಿಮೆ, ಎಷ್ಟೋ ಜನರಿಗೆ ಒಂದಕ್ಕಿಂತ ಹೆಚ್ಚು ಸಲ ಮಾಡಬೇಕಾಗುತ್ತದೆ. ಮೊಟ್ಟೆಗಳನ್ನು ತೆಗೆದು ಶೈತ್ಯದಲ್ಲಿ ಇಡಿಸುವವರಿಗೂ ಇದೇ ಲೆಕ್ಕ. ಇವರಿಗೆ ಎರಡು ಮಕ್ಕಳು ಬೇಕೆಂಬ ಆಸೆ ಇತ್ತು. ಎರಡನೆಯದಕ್ಕೆ ಕೈ ಹಾಕುವಾಗ ವಯಸ್ಸು 38 ಆಗಿರಬಹುದು. ಅಷ್ಟರಲ್ಲಿ ಐವಿಎಫ್ ಬೇಕಾಗಿ ಬಂದರೆ ಅವಕಾಶ ಈಗಿನದಕ್ಕಿಂತ ಕಿರಿದಾಗಿರುತ್ತದೆ. ಹಾಗಾಗಿ ಮೊದಲ ಮಗುವನ್ನು ಮುಂದೂಡಬೇಡಿ, ನಡುವಿನ ಅಂತರವನ್ನೂ ಉದ್ದ ಮಾಡಬೇಡಿ ಎಂದೆ. ಅವರು ‘ಇನ್ನೊಂದೆರಡು ವರ್ಷ ಬಿಟ್ಟು ನೋಡೋಣ’ ಎನ್ನುವವರಾಗಿದ್ದರೆ ನನ್ನ ಮಾತು ಇದಕ್ಕಿಂತ ಗಡಸಾಗಿರುತ್ತಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಮಗು ಬೇಡವೆನ್ನುವ ಕೆಲವರು ಎಎಂಹೆಚ್ ಕಡಿಮೆ ಇದೆಯೆಂದು ಗರ್ಭನಿರೋಧಕವನ್ನೇ ಬಿಟ್ಟುಬಿಡುತ್ತಾರೆ. ಮುಟ್ಟು ಆಗುತ್ತಿದ್ದರೆ ಗರ್ಭವೂ ನಿಲ್ಲಬಹುದು. ಬೇಡದ ಗರ್ಭ ನಿಂತ ಮೇಲೆ ರಿಪೋರ್ಟ್ ತಂದು ನನ್ನ ಮುಂದೆ ಅತ್ತವರಿದ್ದಾರೆ.

ಆರು ತಿಂಗಳಾದ ಮೇಲೆ ಅವರಿಗೆ ಗರ್ಭ ನಿಂತಿರಲಿಲ್ಲ. ‘ಕೊನೆಗೂ ಎಎಂಹೆಚ್ ಮಾತೇ ನಿಜವಾಯ್ತು’ ಎಂದು ಫೋನ್ ಮಾಡಿದರು. ಆ ಅಧ್ಯಯನದಲ್ಲಿ ಮಾಮೂಲು ಮಟ್ಟದ ನೂರು ಜನರಲ್ಲೂ 38 ಜನರಿಗೆ ಆರು ಚಕ್ರಗಳಲ್ಲಿ ಗರ್ಭ ನಿಲ್ಲುವುದಿಲ್ಲ ಎಂದೇ ಲೆಕ್ಕ. ಅವರ ಸೋಲಿಗೆ ಎಎಂಹೆಚ್ ಕಾರಣ ಎಂದು ಹೇಳಲು ಆಧಾರವಿರಲಿಲ್ಲ. ಹಾಗೆಂದೇ ಹೇಳಿದೆ. ಹೇಳಿದ್ದಂತೆ ಇಬ್ಬರೂ ತಪಾಸಣೆಗೆ ಹೋದರು. ಗರ್ಭನಾಳಗಳು ತೆರೆದಿದ್ದವು, ಗಂಡನ ವೀರ್ಯ ಪರೀಕ್ಷೆಯೂ ಸರಿಯಿತ್ತು. ಐವಿಎಫ್ ಮಾಡಿದರೆ ಔಷಧಿ ಎಷ್ಟು ಕೊಡಬೇಕು, ಎಷ್ಟು ಮೊಟ್ಟೆ ನಿರೀಕ್ಷಿಸಬಹುದು ಎಂದು ವೈದ್ಯರು ಎಎಂಹೆಚ್ ಮತ್ತು ಸ್ಕ್ಯಾನ್ ನೋಡಿ ಅವರಿಗೆ ವಿವರಿಸಿದ್ದಾರೆ. ಈಗಲೇ ಚಿಕಿತ್ಸೆಗೆ ಹೋಗುವುದೋ, ಇನ್ನೂ ಕೆಲವು ತಿಂಗಳು ಸಹಜವಾಗಿ ನೋಡುವುದೋ ಎಂದು ಗಂಡ ಹೆಂಡತಿ ಕೂತು ಮಾತಾಡುತ್ತಿದ್ದಾರೆ.