ಪೀಣ್ಯದ ಪಾರ್ಟ್‌ಗೆ ಸರಿಯಾದ ರೇಟ್ ಎಷ್ಟು?

"ಪೀಣ್ಯದಲ್ಲಿ ಚಿಕ್ಕ ವರ್ಕ್‌ಶಾಪ್ ಇದೆ. ನಾವು ಮಾಡೋ ಪಾರ್ಟ್ ಒಂದೇ ಪಂಪ್ ಕಂಪನಿಗೆ ಬೇಕು, ಅವರಿಗೂ ನಮ್ಮನ್ನ ಬಿಟ್ರೆ ಯಾರೂ ಇಲ್ಲ. ಡೈಗೆ 3 ಲಕ್ಷ ಹಾಕಿದ್ದೀವಿ. ಸರಿಯಾದ ರೇಟ್ ಎಷ್ಟು?"

ಒಂದೇ ಸರಿಯಾದ ರೇಟ್ ಅಂತ ಇಲ್ಲಿ ಸಿಗಲ್ಲ, ಎರಡು ಗಡಿ ಮಾತ್ರ ಸಿಗುತ್ತೆ. ಒಂದು ಅಂದಾಜು ನೋಡಿ. ಮಾಲು, ಕೂಲಿ, ಕರೆಂಟು ಸೇರಿ ಪೀಸಿಗೆ 180, ಅದೇ ಸಮಯದಲ್ಲಿ ಮಷಿನ್ ಬೇರೆ ಕೆಲಸದಲ್ಲಿ ದುಡಿಯೋದು 40 ಅನ್ನಿ. 220ಕ್ಕಿಂತ ಕೆಳಗೆ ನೀವು ಒಪ್ಪಬಾರದು. ಕಂಪನಿ ಹೊಸಬರಿಂದ ಮಾಡಿಸಿದರೆ ಪೀಸಿಗೆ 250, ಜೊತೆಗೆ ಆರ್ಡರ್‌ನ 5000 ಪೀಸಿಗೆ ಹಂಚಿದ ಹೊಸ ಡೈ ಖರ್ಚು 60. 310 ದಾಟಿದರೆ ಅವರು ಎದ್ದು ಹೋಗ್ತಾರೆ. ಚೌಕಾಸಿ ಇರೋದು ನಡುವಿನ 90 ರೂಪಾಯಿಗೆ.

ಇಬ್ಬರಿಗೂ ಕಾಯೋ ತಾಕತ್ತು ಒಂದೇ ಇದ್ದರೆ ಸುಮಾರು 265ಕ್ಕೆ ನಿಲ್ಲುತ್ತೆ. ಅವರ ಗೋಡೌನ್‌ನಲ್ಲಿ ಸ್ಟಾಕ್ ಇದ್ದು ನಿಮಗೆ ಇಎಂಐ ಹತ್ತಿರ ಬಂದಿದ್ದರೆ ಇನ್ನೂ ಇಳಿಯುತ್ತೆ.

ಈಗ ಡೈ ನೋಡಿ. 265ರಲ್ಲಿ ಪೀಸಿಗೆ ಉಳಿಯೋದು 45, 5000ಕ್ಕೆ 2.25 ಲಕ್ಷ. ಹಾಕಿದ್ದು 3 ಲಕ್ಷ. ಖರ್ಚಾಗಿ ಹೋದ ದುಡ್ಡು ನಿಮ್ಮ ಕೆಳಗಡಿಯನ್ನ ಮೇಲೆತ್ತಲ್ಲ, ಪರ್ಚೇಸ್‌ನವರಿಗೆ ಅದು ಚೆನ್ನಾಗಿ ಗೊತ್ತು. ಡೈ ಮಾಡೋ ಮುಂಚೆ ಅದರ 60 ಸೇರಿ ನಿಮ್ಮ ಕೆಳಗಡಿ 280 ಇತ್ತು, ರೇಟು, ಪೀಸು ಎರಡನ್ನೂ ಪರ್ಚೇಸ್ ಆರ್ಡರ್‌ನಲ್ಲಿ ಬರೆಸ್ಕೊಳ್ಳೋ ಹೊತ್ತು ಅದೇ. ಮುಂದಿನ ಪಾರ್ಟ್‌ಗಾದರೂ ಡೈ ದುಡ್ಡನ್ನ ಬೇರೆಯಾಗಿ, ಮೊದಲೇ ಕೇಳಿ.