7 ಮಿ.ಮೀ. ಗಂಟು: ಬಯಾಪ್ಸಿ ಈಗಲೇ ಬೇಕೇ?

“58 ವರ್ಷದ ಬೀಡಿ ಸೇದುವ ರೋಗಿ. ಸಿಟಿಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿ.ಮೀ. ಗಂಟು. ‘ಖಚಿತವಿಲ್ಲ, 6 ತಿಂಗಳಿಗೆ ಮತ್ತೆ ಸಿಟಿ’ ಎಂದು ವರದಿಯಲ್ಲಿ ಬರೆದಿದ್ದೀರಿ. ಈಗಲೇ ಬಯಾಪ್ಸಿ ಯಾಕೆ ಬೇಡ?”

ಡಾಕ್ಟರೇ, ಇದು ಹಳೆಯ ಟಿಬಿಯ ಗುರುತಾಗಿರಬಹುದು, ಶುರುವಿನ ಕ್ಯಾನ್ಸರೂ ಆಗಿರಬಹುದು. ನಡುವಿನಲ್ಲಿ ಸುಣ್ಣ ಕಟ್ಟಿದ್ದರೆ ಧೈರ್ಯವಾಗಿ ಟಿಬಿ ಗುರುತು ಎನ್ನುತ್ತಿದ್ದೆ. ಇಲ್ಲಿ ಅದಿಲ್ಲ. ಅಂಚು ಕೂಡ ಪೂರ್ತಿ ನಯವಾಗಿಲ್ಲ.

ಇಷ್ಟು ಚಿಕ್ಕ ಗಂಟಿಗೆ ಸೂಜಿ ಗುರಿ ತಪ್ಪುವುದು ಸುಲಭ. ಆಗ ಬರುವ ‘ಕ್ಯಾನ್ಸರ್ ಇಲ್ಲ’ ಎಂಬ ವರದಿಯನ್ನು ನಂಬುವಂತಿಲ್ಲ. ಬೀಡಿ ಸೇದಿ ಹಾಳಾದ ಶ್ವಾಸಕೋಶದಲ್ಲಿ ಗಾಳಿ ಸೋರುವ ಅಪಾಯವೂ ಜಾಸ್ತಿ. ಪೆಟ್ ಸ್ಕ್ಯಾನ್ 8 ಮಿ.ಮೀ.ಗಿಂತ ಚಿಕ್ಕದರಲ್ಲಿ ಮೋಸ ಮಾಡುತ್ತದೆ, ಟಿಬಿಯೂ ಅದರಲ್ಲಿ ಹೊಳೆಯುತ್ತದೆ.

ಹಾಗಾದರೆ ಮುಂದಿನ ತಿಂಗಳೇ ಸಿಟಿ ಮಾಡಬಾರದೇ? ಗಟ್ಟಿ ಗಂಟಿನ ಕ್ಯಾನ್ಸರ್ ಗಾತ್ರದಲ್ಲಿ ಇಮ್ಮಡಿಯಾಗಲು ಸಾಮಾನ್ಯವಾಗಿ 100ರಿಂದ 400 ದಿನ ಬೇಕು. ಇಮ್ಮಡಿಯಾದರೂ 7 ಮಿ.ಮೀ. ಅಡ್ಡಳತೆ ಸುಮಾರು 9 ಆಗುತ್ತದೆ, ಅಷ್ಟೇ. 2 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ ಅಳತೆಯ ತಪ್ಪೂ ಆಗಿರಬಹುದು. ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಸಲಹೆಯೂ 6–12 ತಿಂಗಳು. ಬೀಡಿಯ ಕಾರಣಕ್ಕೆ ನಾನು 6 ಆರಿಸಿದೆ. ಬದಲಾಗದಿದ್ದರೆ 18–24 ತಿಂಗಳಿಗೆ ಇನ್ನೊಂದು.

ಕಡಿಮೆ ಡೋಸಿನ, ತೆಳು ಸ್ಲೈಸಿನ ಸಿಟಿ ಸಾಕು, ಕಾಂಟ್ರಾಸ್ಟ್ ಬೇಡ. ಅದಕ್ಕೂ ಮೊದಲು ಹಳೆಯ ಸಿಟಿ ಇದೆಯೇ ಎಂದು ಮನೆಯವರನ್ನು ದಯವಿಟ್ಟು ಕೇಳಿ. ಎರಡು ವರ್ಷದ ಹಿಂದೆಯೂ ಗಂಟು ಇಷ್ಟೇ ಇದ್ದರೆ ಮತ್ತೆ ಸಿಟಿಯೇ ಬೇಡ. ಕಫದಲ್ಲಿ ರಕ್ತ, ತೂಕ ಇಳಿಕೆ, ಬಿಡದ ಜ್ವರ ಕಂಡರೆ 6 ತಿಂಗಳು ಕಾಯಬೇಡಿ, ಕಫ ಪರೀಕ್ಷೆ ಮಾಡಿಸಿ ನನಗೆ ತಕ್ಷಣ ತಿಳಿಸಿ.