ಹಸಿ ಕೋಳಿ, ಮೀನು, ಉಳಿದ ಸಾರು: ಫ್ರಿಡ್ಜಲ್ಲಿ ಎಷ್ಟು ದಿನ, ಫ್ರೀಜರಲ್ಲಿ ಎಷ್ಟು ತಿಂಗಳು?

"ಭಾನುವಾರ ಬೆಳಿಗ್ಗೆ ಎರಡು ಕೆಜಿ ಕೋಳಿ, ಒಂದು ಕೆಜಿ ಮೀನು ತಂದೆ. ಒಂದು ಕೆಜಿ ಕೋಳಿ ಅವತ್ತೇ ಸಾರು ಮಾಡಿದೆ, ಇನ್ನೊಂದು ಕೆಜಿ ಮತ್ತು ಮೀನು ಹಸಿಯಾಗೇ ಫ್ರಿಡ್ಜಲ್ಲಿದೆ. ಇವತ್ತು ಮಂಗಳವಾರ, ಕೆಟ್ಟ ವಾಸನೆ ಏನೂ ಇಲ್ಲ. ಇನ್ನೂ ಎಷ್ಟು ದಿನ ಇಡಬಹುದು? ಈಗ ಫ್ರೀಜರಿಗೆ ಹಾಕಿದ್ರೆ ನಡೆಯುತ್ತಾ? ಒಂದ್ಸಲ ಕರಗಿಸಿದ್ದನ್ನ ಮತ್ತೆ ಫ್ರೀಜ್ ಮಾಡಬಹುದಾ?"

ಹಸಿ ಕೋಳಿಯನ್ನು ಇವತ್ತೇ ಬೇಯಿಸಿ, ಇಲ್ಲ ಇವತ್ತೇ ಫ್ರೀಜರಿಗೆ ಹಾಕಿ. ಮೀನನ್ನು ಇವತ್ತೇ ಬೇಯಿಸಿ, ಫ್ರೀಜರಿಗೆ ಹಾಕುವ ಸಮಯ ಕಳೆದುಹೋಗಿದೆ. ಸಾರು ಬುಧವಾರದೊಳಗೆ ಮುಗಿದರೆ ಒಳ್ಳೇದು, ಗುರುವಾರ ಕೊನೆ. ಇದೆಲ್ಲ ನಿಮ್ಮ ಫ್ರಿಡ್ಜ್ ನಿಜಕ್ಕೂ ತಣ್ಣಗಿದ್ದರೆ ಮಾತ್ರ.

ದೊಡ್ಡ ಅಡುಗೆಮನೆಯೊಂದರ ಕೋಲ್ಡ್ ಸ್ಟೋರ್ ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿ ನಾವು ಪಾಲಿಸುವ ಲೆಕ್ಕ ಹೀಗಿದೆ. 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರುವ ಫ್ರಿಡ್ಜಲ್ಲಿ ಹಸಿ ಕೋಳಿಗೆ ಒಂದರಿಂದ ಎರಡು ದಿನ. ಹಸಿ ಮೀನಿಗೂ ಅಷ್ಟೇ. ಬೇಯಿಸಿದ ಮಾಂಸ, ಕೋಳಿ, ಮೀನು ಯಾವುದೇ ಇರಲಿ, ಮೂರರಿಂದ ನಾಲ್ಕು ದಿನ. ಕೋಳಿಯ ಖೀಮಾ, ಈಲಿ, ಗುಂಡಿಗೆ ಇವೂ ಹಸಿ ಕೋಳಿಯ ಲೆಕ್ಕಕ್ಕೇ ಸೇರುತ್ತವೆ.

ಮೊದಲು ಆ 4 ಡಿಗ್ರಿ ವಿಷಯ. ಫ್ರಿಡ್ಜಿನ ಒಳಗಿನ ತಿರುಗಣೆಯಲ್ಲಿ 1ರಿಂದ 7ರವರೆಗೆ ಅಂಕಿ ಇರುತ್ತಲ್ವಾ, ಅದು ಡಿಗ್ರಿ ಅಲ್ಲ. ಎಷ್ಟು ಜೋರಾಗಿ ತಣಿಸಬೇಕು ಅನ್ನೋದಷ್ಟೇ. ನಿಜ ತಿಳಿಯಬೇಕಾದರೆ ಒಂದು ಲೋಟ ನೀರನ್ನು ನಡುವಿನ ತಟ್ಟೆಯಲ್ಲಿ ಇಡಿ, ಅದರೊಳಗೆ ಫ್ರಿಡ್ಜ್ ಥರ್ಮಾಮೀಟರ್ ಅದ್ದಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಯಾರೂ ಬಾಗಿಲು ತೆಗೆಯೋ ಮೊದಲು ನೋಡಿ. ಗಾಳಿಯಲ್ಲಿ ತೂಗುಹಾಕಿದರೆ ಬಾಗಿಲು ತೆಗೆದ ಕೂಡಲೇ ಅಂಕಿ ಏರಿಬಿಡುತ್ತೆ, ನೀರಲ್ಲಿದ್ದರೆ ಆಹಾರಕ್ಕೆ ನಿಜವಾಗಿ ತಾಗುವ ತಂಪು ಗೊತ್ತಾಗುತ್ತೆ. 8, 9 ಡಿಗ್ರಿ ತೋರಿಸಿದರೆ ಮೇಲೆ ಹೇಳಿದ ದಿನಗಳ ಲೆಕ್ಕವನ್ನೆಲ್ಲ ಮರೆತುಬಿಡಿ. ಬಾಗಿಲಿನ ತಟ್ಟೆ ಯಾವಾಗಲೂ ಉಳಿದ ಜಾಗಕ್ಕಿಂತ ಬೆಚ್ಚಗಿರುತ್ತೆ, ಅಲ್ಲಿ ಮಾಂಸ ಇಡಲೇಬೇಡಿ. ಹಸಿ ಕೋಳಿಯ ಜಾಗ ಕೆಳಗಿನ ತಟ್ಟೆ, ಅದೂ ಅಂಚಿರುವ ಪಾತ್ರೆಯೊಳಗೆ. ಅದರ ನೀರು ಬೇರೆ ಯಾವುದರ ಮೇಲೂ ತೊಟ್ಟಿಕ್ಕಬಾರದು.

ಇನ್ನು "ವಾಸನೆ ಇಲ್ಲ" ಅಂದಿರಲ್ಲ, ಅದರ ಬಗ್ಗೆ. ವಾಸನೆ ತರುವ ಬ್ಯಾಕ್ಟೀರಿಯಾ ಬೇರೆ, ಕಾಯಿಲೆ ತರುವ ಬ್ಯಾಕ್ಟೀರಿಯಾ ಬೇರೆ. ಕೋಳಿಯನ್ನು ಲೋಳೆಲೋಳೆ ಮಾಡಿ ಹುಳಿ ನಾತ ಬರಿಸುವವು ಸ್ಯೂಡೋಮೊನಾಸ್ ಜಾತಿಯವು. ಅವಕ್ಕೆ ಚಳಿ ಲೆಕ್ಕಕ್ಕಿಲ್ಲ, 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತವೆ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಕೋಳಿಯ ಮೇಲೆ ಇದ್ದರೂ ಮೂಗಿಗೆ ಏನೂ ಗೊತ್ತಾಗೋದಿಲ್ಲ. ಹಾಗಾಗಿ ವಾಸನೆ ಬಂದರೆ ಬಿಸಾಡಿ, ಬರಲಿಲ್ಲ ಅಂತ ದಿನ ಮುಂದಕ್ಕೆ ಹಾಕಬೇಡಿ. ಪ್ಯಾಕೆಟ್ ತಳದಲ್ಲಿ ನಿಲ್ಲುವ ತಿಳಿ ಗುಲಾಬಿ ನೀರು ನೋಡಿ ಹೆದರಬೇಕಿಲ್ಲ, ಅದು ಮಾಂಸದಿಂದ ಇಳಿದ ನೀರು. ಕೈಗೆ ಅಂಟುವ ಲೋಳೆ, ಬೂದು ಅಥವಾ ಹಸಿರು ಛಾಯೆ ಇದ್ದರೆ ಮಾತ್ರ ಅದರ ಕತೆ ಮುಗಿದಿದೆ. ತೊಳೆದು ಸರಿಮಾಡ್ತೀನಿ ಅಂತ ನಲ್ಲಿ ಕೆಳಗೆ ಹಿಡಿಯಬೇಡಿ. ಲೋಳೆ ಹೋಗಬಹುದು, ಆದರೆ ಸಿಡಿದ ಹನಿ ಪಕ್ಕದ ಪಾತ್ರೆ, ತರಕಾರಿ ಎಲ್ಲದಕ್ಕೂ ತಾಗುತ್ತೆ.

ಈಗ ನಿಮ್ಮ ಕೋಳಿಯ ಲೆಕ್ಕಕ್ಕೆ ಬರೋಣ. ಫ್ರೀಜರ್ ದಿನಗಳ ಎಣಿಕೆಯನ್ನು ನಿಲ್ಲಿಸುತ್ತೆ, ಸೊನ್ನೆಗೆ ತರೋದಿಲ್ಲ. ಜನ ಎಡವೋದು ಇಲ್ಲೇ. ಭಾನುವಾರ ತಂದ ಕೋಳಿಯನ್ನು ಭಾನುವಾರವೇ ಫ್ರೀಜರಿಗೆ ಹಾಕಿದ್ದರೆ, ಮುಂದೆ ಎಂದಾದರೂ ಫ್ರಿಡ್ಜಲ್ಲಿ ಕರಗಿಸಿದ ಮೇಲೂ ಒಂದೆರಡು ದಿನ ಕೈಯಲ್ಲಿ ಇರುತ್ತಿತ್ತು. ಮಂಗಳವಾರ ಹಾಕಿದರೆ ಆ ಎರಡು ದಿನ ಈಗಾಗಲೇ ಖರ್ಚಾಗಿದೆ. ಬ್ಯಾಕ್ಟೀರಿಯಾ ಸಾಯಲ್ಲ, ಇದ್ದ ಹಾಗೇ ನಿದ್ದೆ ಹೋಗುತ್ತವೆ ಅಷ್ಟೇ. ಕರಗಿದ ಕೂಡಲೇ ಎದ್ದು, ಬಿಟ್ಟ ಕಡೆಯಿಂದಲೇ ಶುರುಮಾಡುತ್ತವೆ. ಆದ್ದರಿಂದ ಪ್ಯಾಕೆಟ್ ಮೇಲೆ ಫ್ರೀಜ್ ಮಾಡಿದ ತಾರೀಖಿನ ಜೊತೆ ತಂದ ತಾರೀಖನ್ನೂ ಬರೆಯಿರಿ. ನಿಮ್ಮದು ಕರಗಿದ ದಿನವೇ ಒಲೆ ಮೇಲೆ ಹೋಗಬೇಕು.

ಎಣಿಕೆ ಹೊಸದಾಗಿ ಶುರುವಾಗೋದು ಬೇಯಿಸಿದಾಗ. ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾ ಸಾಯುತ್ತೆ, ಆಮೇಲೆ ಮೂರು ನಾಲ್ಕು ದಿನ ಸಿಗುತ್ತೆ. ಆದರೆ ಬೇಯಿಸಿದ ಮಾಂಸಕ್ಕೆ ಬೇರೆಯೇ ಶತ್ರು ಇದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾ ಗಟ್ಟಿ ಕವಚದ ಬೀಜಾಣು ಮಾಡಿಕೊಂಡು ಕುದಿಯನ್ನೂ ತಡೆದುಕೊಳ್ಳುತ್ತೆ. ಸಾರು ತಣ್ಣಗಾಗುತ್ತಾ 40ರಿಂದ 47 ಡಿಗ್ರಿ ಹತ್ತಿರ ಬಂದಾಗ ಅದು ಎದ್ದು ಬಹಳ ವೇಗವಾಗಿ ಬೆಳೆಯುತ್ತೆ. ಆಳವಾದ ಪಾತ್ರೆಯಲ್ಲಿ ಮುಚ್ಚಳ ಹಾಕಿಟ್ಟ ಸಾರಿನ ನಡುಭಾಗ ಆ ಬಿಸಿಯಲ್ಲೇ ಗಂಟೆಗಟ್ಟಲೆ ಕೂತಿರುತ್ತೆ. ಮೇಲೆ ಮುಟ್ಟಿದರೆ ತಣ್ಣಗೆ, ಸೌಟು ಇಳಿಸಿದರೆ ಒಳಗಿನ್ನೂ ಉಗುರುಬೆಚ್ಚಗೆ!

ಮಾಡಬೇಕಾದ್ದು ಇಷ್ಟೇ. ಊಟ ಆದ ಕೂಡಲೇ ಉಳಿದದ್ದನ್ನು ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಂಚಿ. ಸಾರಿನ ಮಟ್ಟ 5 ಸೆಂಟಿಮೀಟರ್ ಒಳಗಿರಲಿ. ಡಬ್ಬಿಯನ್ನು ತಣ್ಣೀರಿನ ತಟ್ಟೆಯಲ್ಲಿ ಇಟ್ಟು ಒಂದೆರಡು ಸಲ ಕೈಯಾಡಿಸಿದರೆ ಬೇಗ ಆರುತ್ತೆ. ಒಲೆ ಆರಿಸಿದ ಎರಡು ಗಂಟೆಯೊಳಗೆ ಫ್ರಿಡ್ಜ್ ಸೇರಬೇಕು. ಹೊರಗಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಬಿಸಿ ಇಟ್ಟರೆ ಫ್ರಿಡ್ಜ್ ಹಾಳಾಗುತ್ತೆ ಅಂತ ರಾತ್ರಿಯಿಡೀ ಹೊರಗೆ ಬಿಡುವವರು ಬಹಳ ಜನ. ಕೊತಕೊತ ಕುದಿಯುವ ದೊಡ್ಡ ಪಾತ್ರೆಯನ್ನೇ ಎತ್ತಿಟ್ಟರೆ ಅಕ್ಕಪಕ್ಕದ್ದೂ ಬಿಸಿಯಾಗುತ್ತೆ, ನಿಜ. ಸಣ್ಣ ಡಬ್ಬಿಗಳಲ್ಲಿ ಬೆಚ್ಚಗಿರುವಾಗ ಇಟ್ಟರೆ ಏನೂ ತೊಂದರೆ ಇಲ್ಲ.

ದಿನಾ ಕುದಿಸಿ ಇಟ್ಟರೆ ವಾರ ಬರುತ್ತೆ ಅನ್ನೋದನ್ನೂ ನಾನು ಒಪ್ಪಲ್ಲ. ನಮ್ಮ ಕೈ, ಮೂಗಿನಿಂದ ಆಹಾರಕ್ಕೆ ಸೇರುವ ಸ್ಟ್ಯಾಫಿಲೋಕಾಕಸ್ ಬಿಡುವ ವಿಷ ಕುದಿಸಿದರೂ ಹೋಗೋದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಅದು ಬಿಟ್ಟದ್ದು ಸಾರಲ್ಲೇ ಉಳಿಯುತ್ತೆ. ಅಂದಂದಿಗೆ ಬೇಕಾದಷ್ಟನ್ನು ಮಾತ್ರ ತೆಗೆದು ಚೆನ್ನಾಗಿ ಬಿಸಿಮಾಡಿ, ಉಳಿದ ಡಬ್ಬಿ ತಣ್ಣಗೇ ಇರಲಿ.

ಮೀನಿನ ವಿಷಯ ಸ್ವಲ್ಪ ಬೇರೆ. ಮೀನಿನ ಮೈಮೇಲಿನ ಬ್ಯಾಕ್ಟೀರಿಯಾಗಳಲ್ಲಿ ತಣ್ಣೀರಿಗೆ ಒಗ್ಗಿಕೊಂಡಿರುವವು ಜಾಸ್ತಿ, ಅವಕ್ಕೆ 4 ಡಿಗ್ರಿ ದೊಡ್ಡ ಶಿಕ್ಷೆಯಲ್ಲ. ಅದಕ್ಕೇ ಮೀನನ್ನು ಸುಮ್ನೆ ತಟ್ಟೆ ಮೇಲೆ ಇಡದೆ ಐಸ್ ಜೊತೆ ಇಡಬೇಕು. ಕರುಳು ತೆಗೆದು, ಒರೆಸಿ, ಚೀಲದಲ್ಲಿ ಕಟ್ಟಿ, ಜರಡಿಯಲ್ಲಿ ಐಸಿನ ನಡುವೆ ಹೂತು, ಕೆಳಗೆ ಒಂದು ಪಾತ್ರೆ ಇಡಿ. ಕರಗಿದ ನೀರು ಕೆಳಗಿಳಿಯುತ್ತೆ, ಮೀನು 0 ಡಿಗ್ರಿ ಹತ್ತಿರ ಇರುತ್ತೆ.

ನಿಮ್ಮದು ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯದಾದರೆ ಇನ್ನೂ ಒಂದು ಅಪಾಯ ಇದೆ. ಈ ಮೀನುಗಳು ಬೆಚ್ಚಗಿನ ಜಾಗದಲ್ಲಿ ಇದ್ದರೆ ಹಿಸ್ಟಮೀನ್ ಹುಟ್ಟುತ್ತೆ. ಒಮ್ಮೆ ಹುಟ್ಟಿದರೆ ಬೇಯಿಸಿದರೂ ಹೋಗಲ್ಲ, ಫ್ರೀಜ್ ಮಾಡಿದರೂ ಹೋಗಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ಉರಿಯೋದು, ತಲೆನೋವು, ಎದೆ ಬಡಿತ ಶುರುವಾಗುತ್ತೆ. ಬಹಳ ಜನ ಇದನ್ನು ಮೀನಿನ ಅಲರ್ಜಿ ಅಂದುಕೊಳ್ಳುತ್ತಾರೆ. ಬಾಯಿಗಿಟ್ಟಾಗ ಮೆಣಸು ಹಾಕದಿದ್ದರೂ ನಾಲಿಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಭಾನುವಾರ ತಂದ ಮೇಲೆ ಮೀನು ಹೊರಗೆ ಎಷ್ಟು ಹೊತ್ತು ಇತ್ತು ಅಂತ ನೆನಪು ಮಾಡಿಕೊಳ್ಳಿ. ಮಧ್ಯಾಹ್ನದವರೆಗೆ ಚೀಲದಲ್ಲೇ ಬಿದ್ದಿತ್ತು ಅಂತಾದರೆ ನಾನಾಗಿದ್ದರೆ ಬಿಸಾಡುತ್ತೇನೆ.

ಫ್ರೀಜರಿನ ತಿಂಗಳುಗಳ ಲೆಕ್ಕ ರುಚಿಗೆ ಸಂಬಂಧಿಸಿದ್ದು, ಸುರಕ್ಷತೆಗಲ್ಲ. ಮೈನಸ್ 18 ಡಿಗ್ರಿಯಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯೋದಿಲ್ಲ. ಆದರೆ ಕೊಬ್ಬು ಗಾಳಿ ಸೇರಿ ನಿಧಾನವಾಗಿ ಕಮಟಾಗುತ್ತಾ ಹೋಗುತ್ತೆ. ಇಡೀ ಕೋಳಿ ಒಂದು ವರ್ಷ, ತುಂಡು ಮಾಡಿದ್ದು ಒಂಬತ್ತು ತಿಂಗಳು ರುಚಿ ಉಳಿಸಿಕೊಳ್ಳುತ್ತೆ. ಮಾಂಸದ ಸಾರಿಗೆ ಎರಡು ಮೂರು ತಿಂಗಳು. ಕೊಬ್ಬು ಕಡಿಮೆ ಇರುವ ಬಿಳಿ ಮೀನಿಗೆ ಆರರಿಂದ ಎಂಟು ತಿಂಗಳಾದರೆ, ಎಣ್ಣೆ ಜಾಸ್ತಿ ಇರುವ ಬಂಗುಡೆಯಂಥದ್ದಕ್ಕೆ ಎರಡು ಮೂರೇ ತಿಂಗಳು. ಮೇಲೆ ಬಿಳಿಚಿದ ಒಣ ಕಲೆ ಕಂಡರೆ ಅದು ಗಾಳಿ ತಾಗಿ ನೀರು ಆರಿದ ಜಾಗ, ಅಷ್ಟನ್ನು ಕೊಯ್ದು ತೆಗೆದರಾಯಿತು. ಅರ್ಧ ಕೆಜಿಯ ಚಪ್ಪಟೆ ಪ್ಯಾಕೆಟ್ ಮಾಡಿ ಗಾಳಿಯನ್ನೆಲ್ಲ ಒತ್ತಿ ತೆಗೆದು ಇಟ್ಟರೆ ಬೇಗ ಗಡ್ಡೆ ಕಟ್ಟುತ್ತೆ, ಬೇಗ ಕರಗುತ್ತೆ.

ಒಂದೇ ಬಾಗಿಲಿನ ಹಳೆ ಫ್ರಿಡ್ಜಿನ ಮೇಲಿನ ಐಸ್ ಖಾನೆ ಸಾಮಾನ್ಯವಾಗಿ ಮೈನಸ್ 18 ಮುಟ್ಟೋದಿಲ್ಲ. ಅಲ್ಲಿಟ್ಟ ಐಸ್ ಕ್ರೀಮ್ ಕಲ್ಲಿನಂತೆ ಗಟ್ಟಿಯಾಗದೆ ಚಮಚಕ್ಕೆ ಸಲೀಸಾಗಿ ಬಂದರೆ, ಅಲ್ಲಿ ತಿಂಗಳುಗಟ್ಟಲೆ ಮಾಂಸ ಇಡೋ ಯೋಚನೆ ಬಿಡಿ.

ಕೊನೆಗೆ, ಮತ್ತೆ ಫ್ರೀಜ್ ಮಾಡೋ ಪ್ರಶ್ನೆ. ಉತ್ತರ ನೀವು ಎಲ್ಲಿ ಕರಗಿಸಿದಿರಿ ಅನ್ನೋದರ ಮೇಲಿದೆ. ಫ್ರಿಡ್ಜೊಳಗೇ ಕರಗಿಸಿದ್ದು, ದಿನಗಳ ಲೆಕ್ಕದಲ್ಲಿ ಇನ್ನೂ ಬಾಕಿ ಇದ್ದರೆ, ಹಸಿಯಾಗೇ ಮತ್ತೆ ಫ್ರೀಜರಿಗೆ ಹಾಕಬಹುದು. ಪ್ರತಿ ಸಲವೂ ಐಸಿನ ಹರಳು ಮಾಂಸವನ್ನು ಚುಚ್ಚಿ ನೀರು ಇಳಿಸುವುದರಿಂದ ಬೆಂದ ಮೇಲೆ ನಾರುನಾರಾಗಿರುತ್ತೆ, ಅದಕ್ಕೆ ಸಿದ್ಧರಿರಿ. ಫ್ರಿಡ್ಜಲ್ಲಿ ಕರಗೋಕೆ ಒಂದು ಕೆಜಿಗೆ ಹೆಚ್ಚುಕಡಿಮೆ ಒಂದು ದಿನ ಬೇಕು, ಹಿಂದಿನ ದಿನವೇ ಕೆಳಗಿಳಿಸಿಡಿ. ಅವಸರ ಇದ್ದರೆ ನೀರು ಹೋಗದ ಚೀಲದಲ್ಲಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಹಾಗೆ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು, ಬೇಯಿಸಿದ ಮೇಲೆ ಬೇಕಾದರೆ ಫ್ರೀಜ್ ಮಾಡಿ. ಅಡುಗೆಕಟ್ಟೆ ಮೇಲೆ ಇಟ್ಟು ಕರಗಿಸೋದು ಬೇಡವೇ ಬೇಡ. ಒಳಗೆ ಇನ್ನೂ ಐಸ್ ಇರುವಾಗಲೇ ಹೊರಮೈ ಬೆಚ್ಚಗಾಗಿ ಗಂಟೆಗಳಾಗಿರುತ್ತೆ.

ಕರೆಂಟ್ ಹೋದಾಗಲೂ ಇದೇ ಲೆಕ್ಕ. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ, ಕೆಳಗಿನ ಫ್ರಿಡ್ಜ್ 4 ಗಂಟೆ ತಡೆಯುತ್ತೆ. ಆಮೇಲೆ ಪ್ಯಾಕೆಟನ್ನು ಹಿಸುಕಿ ನೋಡಿ. ಒಳಗೆ ಐಸಿನ ಹರಳು ಕೈಗೆ ಸಿಕ್ಕರೆ ಮತ್ತೆ ಫ್ರೀಜ್ ಆಗಲು ಬಿಡಬಹುದು. ಪೂರ್ತಿ ಮೆತ್ತಗಾಗಿ ತಂಪೂ ಆರಿದ್ದರೆ ಕಸಕ್ಕೆ.